ಹೆಚ್ಚು ಕೂಗಿದವರಿಗೇ ಮನೆ ಎಂಬ ಭ್ರಮೆ

ಸ್ಕಾಟ್ಲೆಂಡಿನಲ್ಲಿ ಮನೆ ಕೊಳ್ಳಲು ಹೊರಟ ನಮ್ಮವರು ಮೊದಲು ಎಡವುವುದು ಜಾಹೀರಾತಿನ ಎರಡು ಪದಗಳಲ್ಲಿ: ‘ಆಫರ್ಸ್ ಓವರ್’. ಇಷ್ಟು ಪೌಂಡಿಗೆ ಮೇಲ್ಪಟ್ಟು ಕೇಳಿರಿ ಎಂಬುದು ಅದರ ಭಾವ. ಅದು ಮನೆಯ ಬೆಲೆಯಲ್ಲ, ಕೊಳ್ಳುವವರನ್ನು ಬಾಗಿಲವರೆಗೆ ಕರೆತರುವ ಆರಂಭದ ಅಂಕಿ ಮಾತ್ರ. ಈ ಭೇದವನ್ನು ತಿಳಿಯಲು ನಾವು ದಂಪತಿಗಳು ಒಂದು ಮನೆಯನ್ನೇ ಕಳೆದುಕೊಳ್ಳಬೇಕಾಯಿತು.

ನಾವು ಮೆಚ್ಚಿದ ಮನೆಗೆ ಜಾಹೀರಾತಿನಲ್ಲಿದ್ದ ಅಂಕಿ 2,35,000 ಪೌಂಡ್. ಅದರೊಂದಿಗಿದ್ದ ಹೋಮ್ ರಿಪೋರ್ಟಿನಲ್ಲಿ ಸರ್ವೇಯರ್ ಕಟ್ಟಿದ್ದ ಬೆಲೆ 2,50,000. 2008ರ ಡಿಸೆಂಬರಿನಿಂದ ಈ ವರದಿಯನ್ನು ಮಾರುವವರೇ ಮಾಡಿಸಿ ಕೊಡಬೇಕೆಂಬ ನಿಯಮವಿದೆ. ಸಾಲ ಕೊಡುವ ಬ್ಯಾಂಕು ಸಾಮಾನ್ಯವಾಗಿ ನೋಡುವುದು ಈ ಎರಡನೆಯ ಅಂಕಿಯನ್ನು. ಶೇಕಡಾ 90 ಸಾಲವೆಂದರೆ 2,25,000. ನಾವು 2,61,500 ಕೊಡಲು ನಿರ್ಧರಿಸಿದೆವು. ಹಾಗಾದರೆ ನಮ್ಮ ಕೈಯಿಂದ ಹೋಗಬೇಕಾದದ್ದು 36,500: ಶೇಕಡಾ ಹತ್ತರ 25,000, ಅದರ ಮೇಲೆ ಸರ್ವೇಯರ್ ಬೆಲೆಯನ್ನು ಮೀರಿದ 11,500. ಈ ಮೀರಿದ ಹಣಕ್ಕೆ ಸಾಲವಿಲ್ಲ. ಎದುರಾಳಿ ಎಷ್ಟು ಕೂಗಬಹುದೆಂದು ಊಹಿಸುವ ಮೊದಲು, ಈ ಒಂದು ಲೆಕ್ಕವೇ ನಮ್ಮ ಮೇರೆಯನ್ನು ಗೊತ್ತುಮಾಡಬೇಕು.

ಮನೆಯನ್ನು ಹಲವರು ಮೆಚ್ಚಿದ್ದರು. ಅವರವರ ಸಾಲಿಸಿಟರರು ‘ನೋಟ್ ಆಫ್ ಇಂಟರೆಸ್ಟ್’ ಸಲ್ಲಿಸಿದ್ದರು. ಅದು ನಮಗೂ ಆಸಕ್ತಿಯಿದೆ ಎಂಬ ಸೂಚನೆಯೇ ಹೊರತು, ಯಾರನ್ನೂ ಕಟ್ಟಿಹಾಕುವುದಿಲ್ಲ. ಬಳಿಕ ಮಾರುವವರು ‘ಕ್ಲೋಸಿಂಗ್ ಡೇಟ್’ ಗೊತ್ತುಮಾಡಿದರು: ಮಾರ್ಚ್ ತಿಂಗಳ ಒಂದು ಶುಕ್ರವಾರ, ಮಧ್ಯಾಹ್ನ ಹನ್ನೆರಡು ಗಂಟೆ. ಆ ಗಳಿಗೆಯೊಳಗೆ ಪ್ರತಿಯೊಬ್ಬರೂ ಸಾಲಿಸಿಟರರ ಮೂಲಕ ಒಂದೇ ಒಂದು ಗುಪ್ತ ಬೆಲೆಯನ್ನು ಸಲ್ಲಿಸಬೇಕು. ನಮ್ಮೂರ ಹರಾಜಿನಂತೆ ‘ಒಂದು ಸಾರಿ, ಎರಡು ಸಾರಿ’ ಎಂದು ಕೇಳುತ್ತ ಏರಿಸುವ ಅವಕಾಶ ಇಲ್ಲಿಲ್ಲ. ಮಲೆನಾಡಿನ ಅಡಿಕೆ ಮಂಡಿಯ ಟೆಂಡರ್ ಬಲ್ಲವರಿಗೆ ಇದು ಬೇಗ ಅರ್ಥವಾದೀತು: ಚೀಟಿ ಬರೆದವನಿಗೆ ಪಕ್ಕದವನ ಅಂಕಿ ಕಾಣುವುದಿಲ್ಲ, ಬೆಲೆ ಒಪ್ಪದಿದ್ದರೆ ಬೆಳೆಗಾರ ಮಾಲನ್ನು ಕೊಡಬೇಕೆಂದೂ ಇಲ್ಲ.

ಸಂಜೆ ಸಾಲಿಸಿಟರರ ಕರೆ ಬಂದಿತು. ಮನೆ ಇನ್ನೊಬ್ಬರದಾಗಿತ್ತು. ಕೆಲವು ತಿಂಗಳ ನಂತರ ಸಾರ್ವಜನಿಕ ಭೂದಾಖಲೆಯಲ್ಲಿ ಮಾರಾಟದ ಬೆಲೆಯನ್ನು ನೋಡಿದಾಗ ನಾವು ಬೆರಗಾದೆವು: 2,58,000. ನಮಗಿಂತ 3,500 ಕಡಿಮೆ!

ಕಾರಣ ನಮ್ಮ ಪತ್ರದಲ್ಲಿಯೇ ಇತ್ತು. ಹೊಸ ಆಸ್ಪತ್ರೆಯ ಕೆಲಸ ಆಗಸ್ಟಿನಲ್ಲಿ ಆರಂಭವಾಗುವುದಿದ್ದುದರಿಂದ, ಮನೆಯ ಕೀಲಿಕೈ ಪಡೆಯುವ ದಿನವನ್ನು ನಾವು ಜುಲೈ ಕೊನೆಗೆ ಬರೆಸಿದ್ದೆವು. ಮಾರುವವರಾದರೋ ಬೇರೊಂದು ಮನೆಯನ್ನು ಆಗಲೇ ಕೊಂಡಿದ್ದರು. ಅವರಿಗೆ ಏಪ್ರಿಲ್ ಕೊನೆಯೊಳಗೆ ಹಣ ಕೈಸೇರಬೇಕಿತ್ತು. ಮೂರು ತಿಂಗಳ ಕಾಯುವಿಕೆಗಿಂತ 3,500 ಪೌಂಡ್ ಬಿಡುವುದೇ ಅವರಿಗೆ ಲಾಭವೆನಿಸಿತು. ನಾವು ಸೋಮವಾರವೇ ಕರೆ ಮಾಡಿ, ದಿನಾಂಕವನ್ನು ಏಪ್ರಿಲಿಗೆ ತರುತ್ತೇವೆ ಎಂದೆವು. ಕಾಲ ಮೀರಿತ್ತು. ‘ಮಿಸಿವ್ಸ್’ ಎಂಬ ಪತ್ರವಿನಿಮಯ ಮುಗಿಯುವವರೆಗೆ ಕರಾರು ಪಕ್ಕಾ ಆಗದಿದ್ದರೂ, ಒಮ್ಮೆ ಒಬ್ಬರಿಗೆ ಒಪ್ಪಿಗೆ ಕೊಟ್ಟ ಮೇಲೆ ಇನ್ನೊಬ್ಬರ ಹೆಚ್ಚಿನ ಬೆಲೆಯತ್ತ ವಾಲುವ ಕಕ್ಷಿದಾರನ ಪರ ನಿಲ್ಲಬಾರದೆಂಬುದು ಇಲ್ಲಿನ ಸಾಲಿಸಿಟರರ ವೃತ್ತಿನೀತಿ. ಆ ನೀತಿಯನ್ನು ನಾವು ಗೌರವಿಸುತ್ತೇವೆ. ಮುಂದೊಂದು ದಿನ ಅದೇ ನಮ್ಮನ್ನೂ ಕಾಯಬೇಕಲ್ಲವೇ?

ನಮ್ಮ ಆಕ್ಷೇಪ ಬೇರೆಯದು. ಅತಿ ಹೆಚ್ಚಿನ ಬೆಲೆಯನ್ನಾಗಲಿ, ಯಾವುದೇ ಬೆಲೆಯನ್ನಾಗಲಿ ಒಪ್ಪಲು ಮಾರುವವರು ಬದ್ಧರಲ್ಲ ಎಂಬ ಸಾಲು ಜಾಹೀರಾತಿನ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿತ್ತು. ಅವರು ಯಾವುದನ್ನು ತೂಗಿ ಆರಿಸುತ್ತಾರೆ ಎಂಬುದು ಎಲ್ಲಿಯೂ ಇರಲಿಲ್ಲ. ‘ಏಪ್ರಿಲ್ ಕೊನೆಯೊಳಗೆ ಬಿಟ್ಟುಕೊಡಲು ಇಚ್ಛೆ’ ಎಂಬ ಒಂದೇ ಸಾಲು ಇದ್ದಿದ್ದರೆ ನಾವು ಮೂರು ತಿಂಗಳ ಬಾಡಿಗೆಯ ನಷ್ಟವನ್ನು ನುಂಗಿಕೊಳ್ಳುತ್ತಿದ್ದೆವು. ಮಾರುವವರಿಗೂ 3,500 ಪೌಂಡ್ ಹೆಚ್ಚು ದೊರೆಯುತ್ತಿತ್ತು. ಬೆಲೆಯನ್ನು ಗುಪ್ತವಾಗಿಡುವುದರಲ್ಲಿ ಅರ್ಥವಿದೆ, ಆಯ್ಕೆಯ ಮಾನದಂಡವನ್ನು ಗುಪ್ತವಾಗಿಡುವುದರಿಂದ ಇಬ್ಬರಿಗೂ ನಷ್ಟ.

ಆದ್ದರಿಂದ ನಮ್ಮ ಬಳಗದಲ್ಲಿ ಮನೆ ಮಾರುವವರು ಆ ಸಾಲನ್ನು ಬರೆಸಲಿ. ಕೊಳ್ಳುವವರು ಅಂಕಿಯನ್ನು ಬರೆಸುವ ಮುನ್ನವೇ, ಕೀಲಿಕೈ ಯಾವ ದಿನ ಕೊಟ್ಟರೆ ಮಾರುವವರಿಗೆ ಅನುಕೂಲವೆಂದು ತಮ್ಮ ಸಾಲಿಸಿಟರರಿಂದ ಕೇಳಿಸಲಿ. ಮುಂದಿನ ಮನೆಗೆ ನಾವು ಹಾಗೆಯೇ ಮಾಡಿದೆವು. ಈ ಬರಹ ಆ ಮನೆಯ ಕಿಟಕಿಯ ಬಳಿ ಕುಳಿತು ಬರೆದದ್ದು.