ರೂಮಿಲ್ಲದ ರಾತ್ರಿ

ವಾಟ್ಸಾಪ್ ಗುಂಪುಗಳಲ್ಲಿ, ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಿ ಆಗಾಗ ತಲೆ ಹಾಕುವ ಕಥೆಯೊಂದಿದೆ. ಅಮೆರಿಕದ ಫಿಲಡೆಲ್ಫಿಯಾದಲ್ಲೊಂದು ಸಣ್ಣ ಹೋಟೆಲು. ಹೊರಗೆ ಬಿರುಗಾಳಿ, ಮಳೆ. ರಾತ್ರಿ ಒಂದು ಗಂಟೆಗೆ ವಯಸ್ಸಾದ ದಂಪತಿ ತೊಯ್ದು ತೊಪ್ಪೆಯಾಗಿ ಬಂದು ರೂಮು ಕೇಳುತ್ತಾರೆ. ಊರಿನಲ್ಲಿ ಸಮ್ಮೇಳನ, ಒಂದೂ ಖಾಲಿಯಿಲ್ಲ. ರಾತ್ರಿ ಪಾಳಿಯ ಗುಮಾಸ್ತ ತನ್ನ ರೂಮನ್ನೇ ಬಿಟ್ಟುಕೊಡುತ್ತಾನೆ. ಎರಡು ವರ್ಷದ ಮೇಲೆ ಅವನಿಗೆ ನ್ಯೂಯಾರ್ಕಿಗೆ ಕರೆ ಬರುತ್ತದೆ. ಆ ಮುದುಕ ಅರಮನೆಯಂಥ ಕಟ್ಟಡವೊಂದನ್ನು ತೋರಿಸಿ, ‘ನೀನು ನಡೆಸಲೆಂದೇ ಕಟ್ಟಿಸಿದ್ದೇನೆ’ ಅನ್ನುತ್ತಾನೆ. ಗುಮಾಸ್ತ ಜಾರ್ಜ್ ಬೋಲ್ಟ್, ಮುದುಕ ವಿಲಿಯಂ ವಾಲ್ಡಾರ್ಫ್ ಆಸ್ಟರ್, ಕಟ್ಟಡ ವಾಲ್ಡಾರ್ಫ್ ಹೋಟೆಲು.

ಹೆಸರುಗಳೆಲ್ಲ ನಿಜ, ಮಿಕ್ಕದ್ದು ಸಡಿಲ. ಬೋಲ್ಟ್ ಹುಟ್ಟಿದ್ದು 1851ರಲ್ಲಿ, ಬಾಲ್ಟಿಕ್ ಸಮುದ್ರದ ರ‍್ಯೂಗೆನ್ ದ್ವೀಪದಲ್ಲಿ. ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದು ಹೋಟೆಲಿನ ಅಡುಗೆಮನೆಯಿಂದ ಮೇಲೆ ಬಂದವನು. 1893ರಲ್ಲಿ ವಾಲ್ಡಾರ್ಫ್ ಬಾಗಿಲು ತೆರೆಯುವ ಹೊತ್ತಿಗೆ ಅವನು ಯಾರ ಗುಮಾಸ್ತನೂ ಆಗಿರಲಿಲ್ಲ. ಫಿಲಡೆಲ್ಫಿಯಾದ ಹೆಸರಾಂತ ಬೆಲ್‌ವ್ಯೂ ಹೋಟೆಲನ್ನು ಹೆಂಡತಿ ಲೂಯಿಸ್ ಜೊತೆ ತಾನೇ ನಡೆಸುತ್ತಿದ್ದ. ಆಸ್ಟರನಿಗಾದರೋ ಆಗಿನ್ನೂ ನಲವತ್ತೈದರ ಆಸುಪಾಸು. ಇನ್ನು ಹೋಟೆಲು ಕಟ್ಟಿಸಿದ್ದರ ಹಿಂದೆ ಕೃತಜ್ಞತೆಗಿಂತ ಜಗಳದ ಕಥೆಯೇ ಹೆಚ್ಚು ಪ್ರಸಿದ್ಧ. ಪಕ್ಕದ ಮನೆಯಲ್ಲಿದ್ದ ಚಿಕ್ಕಮ್ಮ ಕ್ಯಾರೊಲಿನ್ ಆಸ್ಟರ್ ಜೊತೆ ಪ್ರತಿಷ್ಠೆಯ ಮೇಲಾಟ ನಡೆದು, ತನ್ನ ಮನೆ ಕೆಡವಿಸಿ ಆಕೆಯ ಮಗ್ಗುಲಲ್ಲೇ ಹೋಟೆಲು ಎಬ್ಬಿಸಿದ. ಅಮೆರಿಕ ಬಿಟ್ಟು ಇಂಗ್ಲೆಂಡಿಗೂ ಹೊರಟುಹೋದ.

ಕಥೆ ಸುಳ್ಳೆಂಬುದಕ್ಕಿಂತ ನನಗೆ ಹೆಚ್ಚು ಅಸಮಾಧಾನ ತರುವುದು ಅದರ ಅವಸರ. ಬಹುಮಾನದ ಕಡೆಗೆ ಓಡುವ ಭರದಲ್ಲಿ ಅದು ಆ ರಾತ್ರಿಯನ್ನು ಎರಡೇ ವಾಕ್ಯದಲ್ಲಿ ಮುಗಿಸಿಬಿಡುತ್ತದೆ. ‘ರೂಮಿಲ್ಲ’ ಅನ್ನುವ ಮಾತಿನ ಒಳಗೆ ಏನೇನಿರುತ್ತದೆಂದು ರಿಸೆಪ್ಷನ್ನಿನಲ್ಲಿ ಕೂತವರನ್ನು ಕೇಳಬೇಕು.

ನಲವತ್ತು ರೂಮಿನ ಲಾಡ್ಜ್ ಎಂದುಕೊಳ್ಳಿ. ರಾತ್ರಿ ಹನ್ನೆರಡೂವರೆಗೆ ಘಾಟಿಯಲ್ಲಿ ಮರ ಬಿದ್ದು ರಸ್ತೆ ಬಂದ್ ಆಗಿದೆ. ಗಂಡ, ಹೆಂಡತಿ, ಎರಡು ಮಕ್ಕಳು, ಒಬ್ಬರು ಅಜ್ಜಿ ಬಾಗಿಲಲ್ಲಿ ನಿಂತಿದ್ದಾರೆ. ಪುಸ್ತಕದ ಪ್ರಕಾರ ನಲವತ್ತೂ ಭರ್ತಿ. ಆದರೆ ಕೀಲಿಗಳ ಹಲಗೆಯಲ್ಲಿ ಇನ್ನೂ ಮೂರು ಕೀಲಿ ನೇತಾಡುತ್ತಿವೆ. ಒಂದು, ಕಾಸು ಕೊಡದೆ ಬರೀ ಫೋನಿನಲ್ಲಿ ಹೇಳಿಟ್ಟದ್ದು. ಅಂಥದ್ದನ್ನು ಸಂಜೆ ಇಂತಿಷ್ಟು ಹೊತ್ತಿನವರೆಗೆ ಮಾತ್ರ ಕಾಯುವುದು ವಾಡಿಕೆ, ಈಗ ಧಾರಾಳವಾಗಿ ಕೊಡಬಹುದು. ಎರಡನೆಯದು ಗೀಸರ್ ಕೆಟ್ಟಿದೆಯೆಂದು ಬೀಗ ಹಾಕಿದ ರೂಮು. ಬಿಸಿನೀರಿಲ್ಲ ಎಂದು ಮೊದಲೇ ಹೇಳಿ, ಬಾಡಿಗೆ ಇಳಿಸಿ ಕೊಟ್ಟರೆ ಯಾರೂ ಬೇಡ ಅನ್ನರು.

ಕಷ್ಟವಿರುವುದು ಮೂರನೆಯದರಲ್ಲಿ. ಅದಕ್ಕೆ ಪೂರ್ತಿ ಹಣ ಮೊದಲೇ ಬಂದಿದೆ, ಅತಿಥಿ ಬಂದಿಲ್ಲ. ಹೋಟೆಲಿನವರ ಮಾತಿನಲ್ಲಿ ‘ನೋ ಶೋ’. ಆದರೆ ಅವರೂ ಅದೇ ಮರದ ಆಚೆ ಕಾರಿನಲ್ಲಿ ಸಿಕ್ಕಿಕೊಂಡಿರಬಹುದಲ್ಲ! ರೂಮು ಕೊಟ್ಟುಬಿಟ್ಟ ಮೇಲೆ ಅವರು ಮೂರು ಗಂಟೆಗೆ ಬಂದು ನಿಂತರೆ, ಒಂದು ಸಂಸಾರಕ್ಕೆ ಮಾಡಿದ ಉಪಕಾರ ಇನ್ನೊಂದಕ್ಕೆ ದ್ರೋಹವಾಗುತ್ತದೆ. ಬಲ್ಲವನು ಮೊದಲು ಅವರಿಗೆ ಫೋನ್ ಹಚ್ಚುತ್ತಾನೆ. ಉತ್ತರ ಬಾರದಿದ್ದರೆ ಆ ಕೀಲಿಯನ್ನು ಮುಟ್ಟುವುದಿಲ್ಲ. ಮೊದಲೆರಡು ರೂಮುಗಳಿಗೇ ಹಾಸಿಗೆ ಹೊರಿಸಿ, ಅಜ್ಜಿಗೆ ಮಂಚ, ಮಕ್ಕಳಿಗೆ ನೆಲ ಎಂದು ಹೊಂದಿಸುತ್ತಾನೆ. ಗುರುತಿನ ಚೀಟಿ ನೋಡಿ ರಿಜಿಸ್ಟರಿನಲ್ಲಿ ಹೆಸರು ಬರೆಸುವುದನ್ನು ಮಾತ್ರ ಮಳೆಯ ನೆಪದಲ್ಲಿ ಬಿಡುವಂತಿಲ್ಲ. ನಾಳೆ ಪೊಲೀಸರು ಕೇಳಿದರೆ ಉತ್ತರಿಸಬೇಕಾದವನು ಅವನೇ.

ಮೂರು ಕೀಲಿಯೂ ಇಲ್ಲದಿದ್ದರೆ? ಇದಕ್ಕೆ ಇಂಗ್ಲೆಂಡಿನ ಕಾನೂನು ಉತ್ತರ ಕೊಟ್ಟಿದೆ. ಜಾಗವಿದ್ದರೆ ದಾರಿಹೋಕನನ್ನು ಒಳಗೆ ಕರೆದುಕೊಳ್ಳಲೇಬೇಕು ಎಂಬುದು ಅಲ್ಲಿ ಛತ್ರದಂಥ ತಂಗುಮನೆಗಳಿಗಿದ್ದ ಹಳೆಯ ಕಟ್ಟಳೆ. 1902ರ ಬ್ರೌನ್ ವಿರುದ್ಧ ಬ್ರ್ಯಾಂಟ್ ಮೊಕದ್ದಮೆಯಲ್ಲಿ, ಮೋಟಾರು ಕೆಟ್ಟು ರಾತ್ರಿ ಬಂದವರು ‘ರೂಮಿಲ್ಲದಿದ್ದರೆ ಒಳಗೆಲ್ಲಾದರೂ ಕೂತು ಬೆಳಗು ಮಾಡುತ್ತೇವೆ’ ಎಂದು ಕೇಳಿದ್ದರು. ಮಲಗುವ ಕೋಣೆಗಳೆಲ್ಲ ತುಂಬಿದ್ದರೆ ಅಷ್ಟನ್ನೂ ಕೊಡುವ ಬಾಧ್ಯತೆ ಮಾಲೀಕನಿಗಿಲ್ಲ ಎಂದು ಕೋರ್ಟು ತೀರ್ಪಿತ್ತಿತು. ಕಥೆಯ ಗುಮಾಸ್ತ ತನ್ನ ಹಾಸಿಗೆ ಬಿಟ್ಟುಕೊಡುವುದು ಈ ಗೆರೆಯಿಂದಾಚೆ. ಅವನನ್ನು ಮೆಚ್ಚಲು ನನಗೆ ಅಷ್ಟೇ ಸಾಕು, ನ್ಯೂಯಾರ್ಕಿನ ಟಿಕೆಟ್ಟು ಬೇಕಿಲ್ಲ.

ನಾವು ಮಾಡಬಹುದಾದದ್ದೂ ಒಂದಿದೆ. ಕಾಯ್ದಿರಿಸಿದ ರೂಮಿಗೆ ಹೋಗಲಾಗುವುದಿಲ್ಲ ಎಂದು ಗೊತ್ತಾದ ಕೂಡಲೇ, ಹಣ ವಾಪಸು ಬಾರದಿದ್ದರೂ ಸರಿ, ರಿಸೆಪ್ಷನ್ನಿಗೆ ಒಂದು ಫೋನ್ ಮಾಡಿ ತಿಳಿಸಿ. ಮೂರನೆಯ ಕೀಲಿಯನ್ನು ಅಲ್ಲಿ ಕೂತವನು ಧೈರ್ಯವಾಗಿ ಕೊಡಲಿ.