ಹೋಲಿಕೆಯ ಹಂಗು, ರೂಪಕದ ಹೊಣೆ

ಮುಳುಗುಂದದ ನಯಸೇನನು 1112ರಲ್ಲಿ ರಚಿಸಿದ ‘ಧರ್ಮಾಮೃತ’ದಲ್ಲಿ, ಕನ್ನಡದೊಡನೆ ಸಂಸ್ಕೃತವನ್ನು ಸಲ್ಲದ ರೀತಿಯಲ್ಲಿ ಬೆರೆಸುವ ಕವಿಗಳನ್ನು ಆಕ್ಷೇಪಿಸುತ್ತಾನೆ. ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ತಕ್ಕುದೇ ಎಂಬುದು ಅವನ ಪ್ರಶ್ನೆಯ ತಾತ್ಪರ್ಯ. ಈ ಮಾತನ್ನು ಬಲ್ಲವರೆಲ್ಲ ಅದನ್ನು ಒಪ್ಪಿ ತಲೆದೂಗುತ್ತಾರೆ. ಆದರೆ ಇಲ್ಲಿ ತುಪ್ಪವಾವುದು, ಎಣ್ಣೆಯಾವುದು ಎಂದು ಕೇಳುವವರು ವಿರಳ. ಕೇಳಿದರೆ ಹೋಲಿಕೆ ತೊಡಕಿಗೆ ಬೀಳುತ್ತದೆ. ತುಪ್ಪವು ಎಣ್ಣೆಗಿಂತ ಬೆಲೆಯುಳ್ಳದ್ದು, ದೇವರ ದೀಪಕ್ಕೂ ಹೋಮಕ್ಕೂ ಸಲ್ಲುವಂಥದ್ದು. ಕನ್ನಡವನ್ನು ಎಣ್ಣೆಯೆಂದರೆ ಅದಕ್ಕೆ ಅವಮಾನ, ತುಪ್ಪವೆಂದರೆ ಸಂಸ್ಕೃತಕ್ಕೆ. ನಯಸೇನನಿಗೆ ಎರಡೂ ಬೇಕಿಲ್ಲ. ಅವನಿಗೆ ಬೇಕಾದುದು ಒಂದೇ ಗುಣ: ಎರಡೂ ಒಳ್ಳೆಯವೇ ಆಗಿದ್ದರೂ ಬೆರೆತರೆ ಎರಡೂ ಕೆಡುತ್ತವೆ ಎಂಬುದು. ಆ ಗುಣವನ್ನು ಎತ್ತಿಕೊಂಡು ಉಳಿದುದನ್ನು ಬಿಟ್ಟು ಅವನು ಮುಂದೆ ಸಾಗುತ್ತಾನೆ. ಬಿಡಿ ಹೋಲಿಕೆಗೆ ಅದರ ಕಿರಿದುತನವೇ ರಕ್ಷೆ.

ಅಲಂಕಾರಶಾಸ್ತ್ರವು ಇದನ್ನು ಸಾಧಾರಣಧರ್ಮವೆಂದು ಕರೆಯಿತು. ಉಪಮೇಯ, ಉಪಮಾನಗಳೆರಡರಲ್ಲೂ ಸಮಾನವಾಗಿರುವ ಗುಣವದು. ಭೇದವು ಮರೆಯಾದ ಉಪಮೆಯೇ ರೂಪಕವೆಂದು ದಂಡಿ ಹೇಳಿದ. ‘ಕವಿರಾಜಮಾರ್ಗ’ವು ಅಲಂಕಾರಗಳ ವಿಷಯದಲ್ಲಿ ಬಹುಮಟ್ಟಿಗೆ ಅವನ ದಾರಿಯಲ್ಲೇ ನಡೆಯಿತು. ಅವಯವಗಳೆಲ್ಲವನ್ನೂ ಹೊಂದಿಸಿ ಬೆಳೆಸುವ ರೂಪಕವನ್ನು ಮಮ್ಮಟನು ಸಾಂಗರೂಪಕವೆಂದು ವಿಂಗಡಿಸಿದ. ಆದರೆ ಈ ಲಕ್ಷಣಕಾರರ ಉದಾಹರಣೆಗಳು ಸಾಮಾನ್ಯವಾಗಿ ಒಂದು ಪದ್ಯದೊಳಗೇ ಮುಗಿಯುತ್ತವೆ. ಕಾವ್ಯವೊಂದು ಆದಿಯಿಂದ ಅಂತ್ಯದವರೆಗೆ ಒಂದೇ ರೂಪಕವನ್ನು ಹೊತ್ತು ನಡೆದಾಗ ಏನಾಗುತ್ತದೆಂಬುದನ್ನು ಈ ಪರಿಭಾಷೆಯಿಂದಷ್ಟೇ ಅಳೆಯಲಾಗದು. ಅದನ್ನು ಉದ್ದವಾದ ಉಪಮೆಯೆಂದು ತಿಳಿಯುವುದು ನಮ್ಮ ತರಗತಿಗಳಲ್ಲಿ ರೂಢವಾಗಿಬಿಟ್ಟಿದೆ. ವ್ಯತ್ಯಾಸವು ಉದ್ದಕ್ಕೆ ಸಂಬಂಧಿಸಿದ್ದಲ್ಲವೆಂದು ತೋರಿಸಲು ಕನಕದಾಸರ ‘ರಾಮಧಾನ್ಯ ಚರಿತೆ’ಗಿಂತ ಒಳ್ಳೆಯ ಕೃತಿ ಕನ್ನಡದಲ್ಲಿ ನನಗೆ ಕಂಡಿಲ್ಲ.

ಭಾಮಿನಿ ಷಟ್ಪದಿಯ ಈ ಕಿರುಕಾವ್ಯದ ಕಥೆ ಸರಳವಾದುದು. ಲಂಕೆಯಿಂದ ಮರಳುವ ರಾಮನ ಮುಂದೆ ಧಾನ್ಯಗಳಲ್ಲಿ ಯಾವುದು ಶ್ರೇಷ್ಠವೆಂಬ ಪ್ರಶ್ನೆ ಏಳುತ್ತದೆ. ನರೆದಲೆಗ, ಎಂದರೆ ರಾಗಿ, ಮತ್ತು ವ್ರೀಹಿ, ಎಂದರೆ ಭತ್ತ, ಇವೆರಡರ ನಡುವೆ ವಾದ ಬೆಳೆಯುತ್ತದೆ. ಅಕ್ಷತೆಗೂ ನೈವೇದ್ಯಕ್ಕೂ ಮಂಗಳಕಾರ್ಯಗಳಿಗೂ ತಾನೇ ಸಲ್ಲುವೆನೆಂದು ವ್ರೀಹಿ ಹೇಳಿಕೊಳ್ಳುತ್ತದೆ. ನಿನ್ನನ್ನು ಉಣ್ಣುವವರು ಕೀಳು ಜನರೆಂದು ರಾಗಿಯನ್ನು ಹಳಿಯುತ್ತದೆ. ನೀನು ಉಳ್ಳವರ ಕಡೆ ನೋಡುವವನು, ಮಳೆ ಹೋದ ವರುಷ ಬಡವರನ್ನು ಕಾಯುವವನು ನಾನು ಎಂದು ರಾಗಿ ಮರುನುಡಿಯುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಮುಗಿದಾಗ ವ್ರೀಹಿ ಕಂದಿದೆ, ರಾಗಿ ಕೆಡದೆ ಉಳಿದಿದೆ. ರಾಮನು ರಾಗಿಗೆ ತನ್ನ ‘ರಾಘವ’ ಎಂಬ ಹೆಸರನ್ನೇ ಕೊಡುತ್ತಾನೆ. ನೊಂದ ವ್ರೀಹಿಯನ್ನೂ ಸಂತೈಸುತ್ತಾನೆ.

ಇಲ್ಲಿ ಮೊದಲು ಗಮನಿಸಬೇಕಾದುದು ತೀರ್ಪಿನ ಬಗೆ. ರಾಗಿ ವಾದದಿಂದ ಗೆಲ್ಲುವುದಿಲ್ಲ, ಕಾಲದಿಂದ ಗೆಲ್ಲುತ್ತದೆ. ಆ ಗೆಲುವು ಉಪಮಾನದ ಸ್ವಂತ ಸ್ವಭಾವದಿಂದಲೇ ಬಂದುದು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಮಳೆಯಾಶ್ರಿತ ಹೊಲಗಳ ರೈತರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಒಣಗಿಸಿ ಹಗೇವಿಗೆ ಸುರಿದ ರಾಗಿ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತಿತ್ತು, ಬರಗಾಲಕ್ಕೆ ಅದೇ ಆಧಾರವಾಗುತ್ತಿತ್ತು. ಸಾಮಾಜಿಕ ಅರ್ಥವನ್ನು ಪೂರ್ತಿ ತೆಗೆದಿಟ್ಟರೂ ಕಥೆಯು ಧಾನ್ಯಗಳ ಕಥೆಯಾಗಿ ನಿಲ್ಲುತ್ತದೆ. ರೂಪಕವು ನಿಜವಾಗಿ ಕಾವ್ಯವನ್ನು ಹೊತ್ತಿದೆಯೇ ಎಂದು ತಿಳಿಯಲು ಇದೇ ಒರೆಗಲ್ಲು. ‘ಬಡವನು ರಾಗಿಯಂತೆ ಗಟ್ಟಿ’ ಎಂದು ಒಂದು ಸಾಲಿನಲ್ಲಿ ಹೇಳಿದ್ದರೆ ಅದೊಂದು ಹೊಗಳಿಕೆಯಾಗುತ್ತಿತ್ತು. ನಂಬುವುದು ಬಿಡುವುದು ಕೇಳುಗನಿಗೆ ಬಿಟ್ಟದ್ದು. ಕನಕದಾಸರು ಅದನ್ನು ಕಾಲಕ್ಕೆ ಒಡ್ಡಿ ಪರೀಕ್ಷಿಸಿದ್ದರಿಂದ ಹೊಗಳಿಕೆಯು ಪ್ರಮಾಣವಾಯಿತು.

ಎರಡನೆಯದು, ನಯಸೇನನಿಗಿದ್ದ ಸ್ವಾತಂತ್ರ್ಯ ಇಲ್ಲಿ ಕನಕದಾಸರಿಗಿಲ್ಲ. ಒಮ್ಮೆ ರಾಗಿ ಭತ್ತಗಳನ್ನು ಸಭೆಗೆ ತಂದಮೇಲೆ ತಮಗೆ ಬೇಕಾದ ಒಂದೇ ಗುಣವನ್ನು ಎತ್ತಿಕೊಂಡು ಹೊರಡುವಂತಿಲ್ಲ. ಭತ್ತಕ್ಕೆ ಪೂಜೆಯಲ್ಲಿರುವ ಸ್ಥಾನ ಕವಿಯ ವಾದಕ್ಕೆ ತೊಡಕಿನದು; ಆದರೂ ಅದನ್ನು ಮುಚ್ಚಿಡದೆ ವ್ರೀಹಿಯ ಬಾಯಿಂದಲೇ ಹೇಳಿಸಬೇಕಾಯಿತು. ಅದೇ ಕಾಲಕ್ಕೆ ಹತ್ತಿರದವನಾದ, ನಮ್ಮ ಹುಣಸೂರು ಸೀಮೆಯ ಕಲ್ಲಹಳ್ಳಿಯ ಜೈನ ಕವಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವನ್ನು ಪಕ್ಕದಲ್ಲಿಟ್ಟು ನೋಡಬೇಕು. ಆ ಪಾಕಗ್ರಂಥದಲ್ಲಿ ಕಲಮಾನ್ನಕ್ಕೆಂದೇ, ಎಂದರೆ ಒಳ್ಳೆಯ ಅಕ್ಕಿಯ ಅನ್ನಗಳಿಗೆಂದೇ, ಒಂದು ಅಧ್ಯಾಯವಿದೆ. ವ್ರೀಹಿಯ ಹೆಮ್ಮೆಗೆ ಆ ಕಾಲದ ಅಡುಗೆಮನೆಯಲ್ಲಿ ಆಧಾರವಿತ್ತು. ಎದುರಾಳಿಯ ಬಲವನ್ನು ಒಳಗೆ ಬಿಟ್ಟುಕೊಂಡದ್ದರಿಂದಲೇ ಕನಕದಾಸರ ರೂಪಕವು ವಾದವಾಗಿ ಬೆಳೆಯಿತು.

ಇಷ್ಟು ಹೊಣೆ ಹೊತ್ತ ರೂಪಕವು ಎಲ್ಲಿ ಬಾಗುತ್ತದೆ ಎಂಬುದನ್ನೂ ನೋಡಬೇಕು. ಕಾವೇರಿ ನಾಲೆಗಳ ಕೃಷ್ಣರಾಜನಗರದ ಭತ್ತದ ರೈತರು ಇಲ್ಲಿ ತಕರಾರು ತೆಗೆಯಬಹುದು, ಅದು ನ್ಯಾಯವೂ ಹೌದು. ಚೆನ್ನಾಗಿ ಒಣಗಿದ, ಹೊಟ್ಟು ಬಿಡದ ಭತ್ತ ಆರು ತಿಂಗಳಿಗೆ ಕಂದುವುದಿಲ್ಲ. ಹಳೆಯ ಅಕ್ಕಿಗೇ ಬೆಲೆ ಹೆಚ್ಚು. ಕವಿ ಸ್ವಭಾವವನ್ನು ಸುಳ್ಳು ಮಾಡಿಲ್ಲ, ಏಕೆಂದರೆ ರಾಗಿ ಭತ್ತಕ್ಕಿಂತ ಹೆಚ್ಚು ಬಾಳುವುದು ದಿಟ. ಆದರೆ ಕಾಲವನ್ನು ಕುಗ್ಗಿಸಿದ್ದಾರೆ. ಹೀಗೆ ಉಪಮಾನದ ಸತ್ಯವನ್ನು ಎಳೆದ ಜಾಗದಲ್ಲೇ ಕವಿಯ ಒಲವು ಹೊರಬೀಳುತ್ತದೆ.

ಇದಕ್ಕಿಂತ ದೊಡ್ಡ ಬಾಗು ಕೊನೆಯಲ್ಲಿದೆ. ಕೆಡದೆ ಉಳಿದು ತನ್ನ ಯೋಗ್ಯತೆಯನ್ನು ತಾನೇ ತೋರಿಸಿಕೊಂಡ ರಾಗಿಗೆ ಗೌರವವು ಅರಸನ ಹೆಸರಿನಿಂದ ಬರುತ್ತದೆ. ಮೇಲುಕೀಳನ್ನು ಪ್ರಶ್ನಿಸಿದ ಕಾವ್ಯವು ಮೇಲಿನವನ ಮನ್ನಣೆಯನ್ನೇ ಕೊನೆಯ ಮಾತಾಗಿಸುತ್ತದೆ. ಸಭೆ, ನ್ಯಾಯಾಧೀಶ, ಸೆರೆ ಎಂಬ ರೂಪಕವನ್ನು ಆಯ್ದುಕೊಂಡಮೇಲೆ ತೀರ್ಪು ಸಿಂಹಾಸನದಿಂದಲೇ ಬರಬೇಕು. ರೂಪಕವು ಕವಿಗೆ ಬೇಕಾದುದನ್ನು ಕೊಡುವಂತೆಯೇ ಅವನು ಕೇಳದಿದ್ದುದನ್ನೂ ಒಳಗೆ ತರುತ್ತದೆ. ಬಿಡಿ ಹೋಲಿಕೆಯಲ್ಲಿ ಈ ಅಪಾಯ ಕಡಿಮೆ, ಈ ಲಾಭವೂ ಕಡಿಮೆ.

ಆದ್ದರಿಂದ ಉತ್ತರಪತ್ರಿಕೆಗಳಲ್ಲಿ ಕಾಣುವ ‘ರಾಗಿ ಎಂದರೆ ದುಡಿಯುವ ವರ್ಗ, ಭತ್ತ ಎಂದರೆ ಮೇಲ್ಜಾತಿ’ ಎಂಬ ಸಮೀಕರಣಕ್ಕೆ ಪೂರ್ಣಾಂಕ ಕೊಡುವುದನ್ನು ನಾವು ಅಧ್ಯಾಪಕರು ನಿಲ್ಲಿಸಬೇಕೆಂಬುದು ನನ್ನ ಅಭಿಪ್ರಾಯ. ಅದು ಕಾವ್ಯವನ್ನು ಮತ್ತೆ ಎರಡು ಬಿಡಿ ಉಪಮೆಗಳಾಗಿ ಒಡೆಯುತ್ತದೆ. ಆ ಪಟ್ಟಿಯಲ್ಲಿ ಸೆರೆಯ ಆರು ತಿಂಗಳಿಗೆ ಜಾಗವಿಲ್ಲ, ವ್ರೀಹಿಯನ್ನು ರಾಮ ಸಂತೈಸುವುದಕ್ಕೂ ಜಾಗವಿಲ್ಲ. ವಿದ್ಯಾರ್ಥಿಯನ್ನು ಕೇಳಬೇಕಾದ ಪ್ರಶ್ನೆಗಳು ಬೇರೆ: ಈ ರೂಪಕ ಯಾವ ಪದ್ಯದಲ್ಲಿ ಹೊಸದೊಂದು ಗುಣವನ್ನು ಒಳಕ್ಕೆ ತಂದಿತು? ಆ ಗುಣ ಕವಿಯ ವಾದವನ್ನು ಬಲಪಡಿಸಿತೇ, ತೊಡಕಿಗೆ ಒಡ್ಡಿತೇ? ಧಾನ್ಯದ ಸ್ವಭಾವಕ್ಕೂ ಕಥೆಯ ತೀರ್ಪಿಗೂ ಎಲ್ಲಿ ಹೊಂದಿಕೆ ತಪ್ಪಿತು? ಈ ಮೂರಕ್ಕೆ ಪಠ್ಯದಿಂದ ಉತ್ತರ ಹುಡುಕಿದವರಿಗೆ ನಯಸೇನನ ತುಪ್ಪವೂ ಕನಕದಾಸರ ರಾಗಿಯೂ ಎರಡು ಬೇರೆ ಕೆಲಸಗಳನ್ನು ಮಾಡುತ್ತಿವೆಯೆಂಬುದು ತಾನಾಗಿಯೇ ತಿಳಿಯುತ್ತದೆ.