ತೆರಿಗೆ ಹೋಯ್ತು, ಪ್ರೀಮಿಯಂ ಏರ್ತು

ಗುಬ್ಬೀಲಿರೋ ನಮ್ಮವ್ವಂಗೆ 66 ವರ್ಷ. 2025ರ ಮಾರ್ಚ್‌ನಲ್ಲಿ ಆರೋಗ್ಯ ವಿಮೆಗೆ 28,320 ಕಟ್ಟಿದ್ವಿ, ಮುಂದಿನ ವರ್ಷಕ್ಕೆ 31,200 ಕೇಳವ್ರೆ. ನೋಡೋಕೆ ನೂರಕ್ಕೆ ಹತ್ತೇ ಜಾಸ್ತಿ. ಆದ್ರೆ ಹಳೇ ರಸೀದೀಲಿ 4,320 ಜಿಎಸ್‌ಟಿ ಸೇರೈತೆ. 2025ರ ಸೆಪ್ಟೆಂಬರ್ 22ರಿಂದ ಆ ತೆರಿಗೆ ಇಲ್ಲ. ಬರೀ ಪ್ರೀಮಿಯಂ 24,000 ಇದ್ದದ್ದು 31,200, ಅಂದ್ರೆ ನೂರಕ್ಕೆ ಮೂವತ್ತು ಏರೈತೆ. ತೆರಿಗೆ ಬಿಟ್ಟಿದ್ದು ಜನಕ್ಕೆ, ಕಂಪ್ನಿಗಲ್ಲ ಕಣ್ರೀ.

ಅರವತ್ತು ದಾಟಿದವರಿಗೆ ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚಿಸೋ ಮುಂಚೆ ಕಂಪ್ನಿ ಐಆರ್‌ಡಿಎಐ ಜೊತೆ ಸಮಾಲೋಚಿಸಬೇಕು ಅಂತ 2025ರ ಜನವರಿ 30ರ ಸುತ್ತೋಲೆ ಹೇಳ್ತದೆ. ಕಾಗದದಲ್ಲಿ ಮೊದ್ಲು ಇದನ್ನೇ ಬರೆದು ಹಳೇ ರಸೀದಿ, ಹೊಸ ನೋಟಿಸ್ ಎರಡೂ ಲಗತ್ತಿಸಿದ್ವಿ. "26,400ಕ್ಕಿಂತ ಜಾಸ್ತಿ ಯಾಕೆ? ಸಮಾಲೋಚನೆ ಆಗಿದ್ರೆ ತಿಳಿಸಿ, ವಯಸ್ಸಿನ ಸ್ಲ್ಯಾಬ್ ಬದಲಾಗಿದ್ರೆ ದರಪಟ್ಟಿ ಕಳಿಸಿ."

ಆರು ವರ್ಷಕ್ಕೆ 1,18,000 ಕಟ್ಟಿ, ತುಮಕೂರಲ್ಲಿ ಕಣ್ಣಿನ ಪೊರೆ ಆಪರೇಷನ್‌ಗೆ 36,000 ತಗೊಂಡಿದ್ದೊಂದೇ ಕ್ಲೈಮು. ಇದನ್ನ ಕೊನೆಗೆ ಬರೆದ್ವಿ. ವಿಮೆ ಚೀಟಿ ದುಡ್ಡಲ್ಲ, ಉಳಿದದ್ದು ವಾಪಸ್ ಬರಲ್ಲ. ಆದ್ರೆ ಕ್ಲೈಮು ಜಾಸ್ತಿ ಅಂತ ನಮ್ಮ ಮೇಲೆ ಹಾಕೋಕೆ ಅವ್ರಿಗೂ ಬಾಯಿರಲ್ಲ.

ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೀಬೋದು. ಅಲ್ಲೀವರೆಗೆ ಕಂತು ಮಾತ್ರ ನಿಲ್ಲಿಸ್ಬೇಡ್ರಿ. ಪಾಲಿಸಿ ತಪ್ಪಿದ್ರೆ ಈ ವಯಸ್ಸಲ್ಲಿ ಹೊಸದು ಸಿಗೋದು ಕಷ್ಟ.